ಎರಡು ದಿನದ ಭೇಟಿ, ನಾಲ್ಕೂವರೆ ಗಂಟೆಯ ಮಾತು

ಜಪಾನಿನಿಂದ ಆರು ಜನ ಬರುತ್ತಿದ್ದಾರೆ, ಅವರ ವಿಮಾನ ನವೆಂಬರ್ 11ರ ಮಂಗಳವಾರ 00.40ಕ್ಕೆ ಬೆಂಗಳೂರಿನಲ್ಲಿ ಇಳಿಯುತ್ತದೆ ಎಂದುಕೊಳ್ಳಿ. ಆಫೀಸಿನ ಹುಡುಗ ಟ್ರಾವೆಲ್ಸ್‌ಗೆ ಫೋನು ಮಾಡಿ, ‘ಮಂಗಳವಾರ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಏರ್‌ಪೋರ್ಟ್ ಪಿಕಪ್, ಎರಡು ಇನ್ನೋವಾ’ ಎನ್ನುತ್ತಾನೆ. ಚಾಲಕರು ಮಂಗಳವಾರ ರಾತ್ರಿ ಊಟ ಮುಗಿಸಿಕೊಂಡು ನಿಷ್ಠೆಯಿಂದ ದೇವನಹಳ್ಳಿ ಕಡೆ ಹೊರಡುತ್ತಾರೆ. ಅತಿಥಿಗಳು ಬಂದಿಳಿದು ಆಗಲೇ ಒಂದು ಪೂರ್ತಿ ದಿನ ಕಳೆದಿರುತ್ತದೆ.

ತಪ್ಪು ಚಾಲಕರದ್ದಲ್ಲ. ನಮ್ಮ ಲೆಕ್ಕದಲ್ಲಿ ರಾತ್ರಿ ಎಂಬುದು ಕಳೆದ ಹಗಲಿಗೆ ಸೇರಿದ್ದು. ಬೆಳಗಾದರೆ ಮಾತ್ರ ನಾಳೆ. ವಿಮಾನ ಕಂಪನಿಗೆ ಹಾಗಲ್ಲ, ಹನ್ನೆರಡು ಹೊಡೆದ ಕ್ಷಣಕ್ಕೆ ತಾರೀಕು ಬದಲಾಗುತ್ತದೆ. ಹೊರದೇಶದಿಂದ ಬೆಂಗಳೂರಿಗೆ ಬರುವ ಎಷ್ಟೋ ವಿಮಾನಗಳು ನಡುರಾತ್ರಿಯಿಂದ ನಸುಕಿನ ನಡುವೆ ಇಳಿಯುವುದರಿಂದ ಈ ಗೊಂದಲ ಇಲ್ಲಿ ಅಪರೂಪವಲ್ಲ. ಇದಕ್ಕಿರುವ ಮದ್ದು ಸರಳ. ಟ್ರಿಪ್ ಶೀಟಿನಲ್ಲಿ ‘ಸೋಮವಾರ ರಾತ್ರಿ ಕಳೆದು ಮಂಗಳವಾರ ಬೆಳಗಾಗುವ ಮೊದಲು, ಸೋಮವಾರ ರಾತ್ರಿ 11.30ಕ್ಕೆ ಗ್ಯಾರೇಜ್ ಬಿಡುವುದು’ ಎಂದು ಬರೆಸಬೇಕು. ಇಳಿಯುವ ಹೊತ್ತಿಗಿಂತ ಗಾಡಿ ಹೊರಡುವ ಹೊತ್ತನ್ನು ಹೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಹೋಟೆಲಿನದ್ದೂ ಇದೇ ಕಥೆ. ಸಾಮಾನ್ಯವಾಗಿ ಕೋಣೆ ಸಿಗುವುದು ಮಧ್ಯಾಹ್ನ ಎರಡರ ನಂತರ. 11ನೇ ತಾರೀಕಿಗೆ ಬುಕ್ ಮಾಡಿದರೆ ನಸುಕಿನ ಎರಡೂ ಮುಕ್ಕಾಲಿಗೆ ಬಂದವರು ಲಾಬಿಯ ಸೋಫಾದಲ್ಲಿ ಹನ್ನೊಂದು ಗಂಟೆ ಕೂರಬೇಕಾದೀತು. ಕೋಣೆಗಳನ್ನು 10ನೇ ತಾರೀಕಿನಿಂದಲೇ ಹಿಡಿಯಬೇಕು, ‘ಅತಿಥಿಗಳು ನಡುರಾತ್ರಿ ದಾಟಿ ಬರುತ್ತಾರೆ, ಬರಲಿಲ್ಲವೆಂದು ರದ್ದು ಮಾಡಬೇಡಿ’ ಎಂದು ಲಿಖಿತವಾಗಿ ತಿಳಿಸಿರಬೇಕು. ಒಂದು ರಾತ್ರಿಯ ಬಾಡಿಗೆ ದಂಡ ಎಂದು ಲೆಕ್ಕಪತ್ರದವರು ಗೊಣಗುತ್ತಾರೆ. ಗೊಣಗಲಿ. ಮತ್ತೊಂದು ಮಾತು: 10/11 ಎಂಬುದನ್ನು ಒಬ್ಬರು ನವೆಂಬರ್ 10 ಎಂದೂ ಇನ್ನೊಬ್ಬರು ಅಕ್ಟೋಬರ್ 11 ಎಂದೂ ಓದಬಹುದು. ಜಪಾನಿನವರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವವರು. ಆದ್ದರಿಂದ ವೇಳಾಪಟ್ಟಿಯಲ್ಲಿ ತಿಂಗಳ ಹೆಸರು ಅಕ್ಷರದಲ್ಲಿರಲಿ, ಪಕ್ಕದಲ್ಲಿ ವಾರವೂ ಇರಲಿ.

ಈ ಆರು ಜನರನ್ನೇ ಇಟ್ಟುಕೊಂಡು ಎರಡು ದಿನವನ್ನು ಹೇಗೆ ಕಟ್ಟಬಹುದು ನೋಡೋಣ. ಕರೆದವರು ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯವರು. ಬಿಡದಿಯಲ್ಲಿ ಅವರದೇ ಎರಡನೆಯ ಘಟಕವಿದೆ. ಬರುವವರಲ್ಲಿ ಒಬ್ಬರು ವಿಭಾಗದ ಮುಖ್ಯಸ್ಥರು, ಉಳಿದವರು ಖರೀದಿ ಮತ್ತು ಗುಣಮಟ್ಟ ವಿಭಾಗದವರು. ಕಾರ್ಖಾನೆ ನೋಡಿ, ಪ್ರಶ್ನೆ ಕೇಳಿ, ಮಾಲು ತರಿಸಬಹುದೇ ಎಂದು ತೀರ್ಮಾನಿಸಲು ಬರುತ್ತಿದ್ದಾರೆ. ಬುಧವಾರ ಕಳೆದು ಗುರುವಾರ ನಸುಕಿನ 1.50ಕ್ಕೆ ಮರಳುವ ವಿಮಾನ. ಹೆಸರು ಕಲ್ಪಿಸಿಲ್ಲ, ಆದರೆ ಬೆಂಗಳೂರಿನ ಸುತ್ತ ಇಂಥ ಭೇಟಿಗಳು ಆಗುತ್ತಲೇ ಇರುತ್ತವೆ. ಬಿಡದಿ, ನರಸಾಪುರ, ತುಮಕೂರಿನ ವಸಂತನರಸಾಪುರ ಎಲ್ಲ ಕಡೆ ಜಪಾನಿನ ಕಂಪನಿಗಳ ಓಡಾಟ ಹೆಚ್ಚು.

ಕಾಗದದ ಕೆಲಸ ವಾರಗಳ ಮುಂಚೆ ಮುಗಿದಿರಬೇಕು. ವ್ಯವಹಾರದ ಮಾತುಕತೆಗೆ ಬರುವವರಿಗೆ ಪ್ರವಾಸಿ ವೀಸಾ ಸಲ್ಲದು, ವ್ಯವಹಾರದ ಇ-ವೀಸಾ ಬೇಕು. ಅದಕ್ಕೆ ಕರೆದವರ ಆಹ್ವಾನ ಪತ್ರ ಬೇಕು. ಜಪಾನಿನ ನಾಗರಿಕರಿಗೆ ಬೆಂಗಳೂರಿನಲ್ಲಿ ಇಳಿದ ಮೇಲೆಯೇ ವೀಸಾ ಪಡೆಯುವ ಅವಕಾಶವೂ ಇದೆ. ಆದರೆ ನಡುರಾತ್ರಿ ಆರು ಜನ ಆ ಕೌಂಟರಿನ ಮುಂದೆ ನಿಲ್ಲುವುದೆಂದರೆ ನಿದ್ದೆಯ ಹೊತ್ತನ್ನು ಅಲ್ಲಿ ಸುರಿದಂತೆ. ಮೊದಲೇ ಮಾಡಿಸಿಕೊಂಡು ಬರುವುದು ಲೇಸು. 2025ರ ಅಕ್ಟೋಬರ್‌ನಿಂದ ವಿದೇಶಿಯರು ಆಗಮನದ ವಿವರವನ್ನು ಆನ್‌ಲೈನಿನಲ್ಲೇ, ಬರುವ ಮೊದಲಿನ 72 ಗಂಟೆಗಳೊಳಗೆ ತುಂಬಬಹುದು. ಅದರಲ್ಲಿ ಇಲ್ಲಿ ಉಳಿಯುವ ವಿಳಾಸ ಕೇಳುತ್ತಾರೆ. ಹೋಟೆಲಿನ ಪೂರ್ತಿ ವಿಳಾಸ, ಪಿನ್‌ಕೋಡು, ಫೋನ್ ನಂಬರುಗಳನ್ನು ನಾವೇ ಕಳಿಸಿಕೊಟ್ಟರೆ ಅವರು ಹುಡುಕಾಡುವುದು ತಪ್ಪುತ್ತದೆ. ಬಿಡಿಭಾಗಗಳ ಸ್ಯಾಂಪಲ್‌ಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುತ್ತೇವೆ ಎಂದರೆ ವಿನಯದಿಂದ ಬೇಡವೆನ್ನಿ. ಸ್ವಂತ ಬಳಕೆಯ ಸಾಮಾನಿಗಿರುವ ವಿನಾಯಿತಿ ವ್ಯಾಪಾರದ ಸಾಮಾನಿಗೆ ಇಲ್ಲ, ಕಸ್ಟಮ್ಸ್‌ನಲ್ಲಿ ಘೋಷಿಸಬೇಕಾಗುತ್ತದೆ, ಒಬ್ಬರು ನಿಂತರೆ ಆರೂ ಜನ ನಿಲ್ಲುತ್ತಾರೆ. ಕೊರಿಯರ್‌ನಲ್ಲಿ ಮೊದಲೇ ಕಳಿಸಲಿ.

ಈಗ ನಿಲ್ದಾಣಕ್ಕೆ ಬರೋಣ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ಗೆ ಬರುತ್ತಿವೆ. ಹಳೆಯ ಅಭ್ಯಾಸದ ಚಾಲಕರು ಮೊದಲನೆಯದರ ಮುಂದೆ ಹೋಗಿ ನಿಂತ ಉದಾಹರಣೆಗಳಿವೆ, ಆದ್ದರಿಂದ ಟರ್ಮಿನಲ್ ಯಾವುದೆಂದು ಬರೆದೇ ಕೊಡಬೇಕು. ಹಳದಿ ಬೋರ್ಡಿನ ಗಾಡಿಗೂ ಬಿಳಿ ಬೋರ್ಡಿನ ಗಾಡಿಗೂ ನಿಲ್ಲುವ ಜಾಗ, ಕಾಯುವ ನಿಯಮ ಬೇರೆ ಬೇರೆ, ಅವು ಆಗಾಗ ಬದಲಾಗುತ್ತಲೂ ಇರುತ್ತವೆ. ಹಿಂದಿನ ವಾರ ಅಲ್ಲಿಗೆ ಹೋಗಿಬಂದ ಚಾಲಕನನ್ನೇ ಕೇಳಿ ತಿಳಿಯುವುದು ಎಲ್ಲಕ್ಕಿಂತ ಭರವಸೆಯ ದಾರಿ.

ವಿಮಾನ ನೆಲ ಮುಟ್ಟಿದ್ದು 12.40ಕ್ಕಾದರೆ ಅತಿಥಿಗಳು ಹೊರಗೆ ಬರುವುದು ಒಂದೂ ಮುಕ್ಕಾಲರ ಸುಮಾರಿಗೆ. ವಲಸೆ ತಪಾಸಣೆಯ ಸಾಲು, ಸಾಮಾನಿನ ಬೆಲ್ಟು ಎರಡೂ ಆ ಹೊತ್ತಿಗೆ ತುಂಬಿರುತ್ತವೆ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಕಾಯುವವರು ಹೊರಗೇ ನಿಲ್ಲಬೇಕು. ಕಾಯುವ ವ್ಯಕ್ತಿಗೆ ಇಳಿಯುವ ಸಮಯಕ್ಕಿಂತ ವಿಮಾನದ ಸಂಖ್ಯೆ ಮುಖ್ಯ. ಸಂಖ್ಯೆ ಇದ್ದರೆ ವಿಮಾನ ಹೊರಟಿತೇ, ತಡವೇ ಎಂದು ಮನೆಯಲ್ಲೇ ಕೂತು ಫೋನಿನಲ್ಲಿ ನೋಡಿಕೊಳ್ಳಬಹುದು. ಕೈಯಲ್ಲಿ ಹಿಡಿಯುವ ಫಲಕದಲ್ಲಿ ಆರೂ ಹೆಸರು ಬೇಡ. ಬರುವವರ ಕಂಪನಿಯ ಹೆಸರು, ಮುಖ್ಯಸ್ಥರ ಮನೆತನದ ಹೆಸರು, ಅದರ ಮುಂದೆ ‘ಸಾನ್’ ಇಷ್ಟು ಸಾಕು. ಪಾಸ್‌ಪೋರ್ಟಿನ ಪ್ರತಿ ನೋಡಿ ಯಾವುದು ಮನೆತನದ ಹೆಸರು ಎಂದು ಖಚಿತ ಮಾಡಿಕೊಳ್ಳಬೇಕು. ಹೊರಗೆ ಬಂದವರಿಗೆ ಇಲ್ಲಿನ ಸಿಮ್ ಇರುವುದಿಲ್ಲ, ಜಪಾನಿನಲ್ಲಿ ವಾಟ್ಸ್‌ಆಪ್‌ಗಿಂತ ಲೈನ್ ಎಂಬ ಆಪ್ ಬಳಕೆಯಲ್ಲಿದೆ. ನಿಂತು ಕಾಯುವ ಜಾಗದ ಗುರುತು ಮತ್ತು ಕಾಯುವವರ ಒಂದು ಫೋಟೋ ಹೊರಡುವ ಮೊದಲೇ ಅವರ ಫೋನಿಗೆ ತಲುಪಿದ್ದರೆ ನೆಟ್‌ವರ್ಕ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಗಾಡಿಯ ವಿಷಯದಲ್ಲಿ ಎಲ್ಲರೂ ಎಣಿಸುವುದು ತಲೆಗಳನ್ನು, ಎಣಿಸಬೇಕಾದದ್ದು ಪೆಟ್ಟಿಗೆಗಳನ್ನು. ಇನ್ನೋವಾದಲ್ಲಿ ಏಳು ಜನ ಕೂರಬಹುದು ನಿಜ. ಆದರೆ ಹಿಂದಿನ ಸಾಲು ತುಂಬಿದರೆ ಡಿಕ್ಕಿಯಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗವಿರುವುದಿಲ್ಲ. ಆರು ಜನ, ಆರು ದೊಡ್ಡ ಪೆಟ್ಟಿಗೆ, ಕರೆತರಲು ಹೋದ ಇಬ್ಬರು ಎಂದರೆ ಎರಡು ಇನ್ನೋವಾ, ಇಲ್ಲವೇ ಒಂದು ಟಿಟಿ. ನನ್ನ ಮತ ಎರಡು ಇನ್ನೋವಾಕ್ಕೆ, ಒಂದು ಕೈಕೊಟ್ಟರೆ ಇನ್ನೊಂದಾದರೂ ಇರುತ್ತದೆ. ಯಾರು ಎಲ್ಲಿ ಕೂರುವುದು ಎಂಬುದರಲ್ಲೂ ಸೂಕ್ಷ್ಮವಿದೆ. ನಮ್ಮಲ್ಲಿ ದೊಡ್ಡವರನ್ನು ಹಿಂದಿನ ಸೀಟಿನ ಎಡಕ್ಕೆ ಕೂರಿಸುವುದು ವಾಡಿಕೆ. ಜಪಾನಿನಲ್ಲಿ ಚಾಲಕನ ಬೆನ್ನ ಹಿಂದಿನ ಜಾಗವೇ ಗೌರವದ್ದು. ಅವರಾಗಿ ಎಲ್ಲಿಗೆ ಹೋಗುತ್ತಾರೋ ಅಲ್ಲಿ ಕೂರಲು ಬಿಟ್ಟು ಎರಡೂ ಬಾಗಿಲು ತೆರೆದು ನಿಲ್ಲುವುದು ಜಾಣತನ.

ಸ್ವಾಗತ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಭಾರತದ ಒಂದೂ ಮುಕ್ಕಾಲು ಎಂದರೆ ಅವರ ಮೈಗೆ ಬೆಳಗಿನ ಐದೂಕಾಲು. ಆ ಹೊತ್ತಿನಲ್ಲಿ ಹಾರ, ಪೇಟ, ಗುಂಪು ಫೋಟೋ ಮಾಡುವವರ ಉತ್ಸಾಹ ನನಗೆ ಅರ್ಥವಾಗಿಲ್ಲ. ಕಂಪನಿಯ ಯಜಮಾನರೇ ನಿದ್ದೆಗೆಟ್ಟು ಹೋಗಬೇಕೆಂದೂ ಇಲ್ಲ. ಜವಾಬ್ದಾರಿ ಇರುವ ಒಬ್ಬ ಮ್ಯಾನೇಜರ್, ನೀರಿನ ಬಾಟಲಿ, ಚಿಕ್ಕ ನಮಸ್ಕಾರ, ಕಾರು. ಮ್ಯಾನೇಜರು ಅತಿಥಿಗಳನ್ನು ಹೋಟೆಲಿನ ಕೌಂಟರಿಗೆ ಮುಟ್ಟಿಸಿ, ಕೀಲಿ ಕೈಗೆ ಬಂದ ಮೇಲೆ ಹೊರಡಬೇಕು. ವಿದೇಶಿಯರು ತಂಗಿದ ವಿಷಯವನ್ನು ಹೋಟೆಲಿನವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕಾದ್ದರಿಂದ ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳಿಯೇ ಕೇಳುತ್ತಾರೆ. ಅವನ್ನು ಮೊದಲೇ ಕಳಿಸಿ ಫಾರಂ ತುಂಬಿಸಿಟ್ಟಿದ್ದರೆ ರಾತ್ರಿ ಸಹಿಯಷ್ಟೇ ಉಳಿಯುತ್ತದೆ. ಒಂದನ್ನು ಮಾತ್ರ ಮರೆಯಬಾರದು: ರಾತ್ರಿ ಗಾಡಿ ಓಡಿಸಿದ ಚಾಲಕರು ಬೆಳಿಗ್ಗೆ ಮತ್ತೆ ಸ್ಟಿಯರಿಂಗ್ ಹಿಡಿಯಬಾರದು. ರಾತ್ರಿ ಬಾಟಾ ಕೊಟ್ಟೆವಲ್ಲ ಎಂದರೆ ನಿದ್ದೆ ಬಂದಂತಾಗುವುದಿಲ್ಲ. ಹಗಲಿಗೆ ಬೇರೆ ಚಾಲಕರು ಎಂಬುದನ್ನು ಟ್ರಾವೆಲ್ಸ್‌ನವರಿಂದ ಹೆಸರು, ನಂಬರು ಸಮೇತ ಬರೆಸಿಕೊಳ್ಳಬೇಕು.

ಹೋಟೆಲ್ ಎಲ್ಲಿ ಎಂಬುದು ಅಂದಚಂದದ ಪ್ರಶ್ನೆಯೆಂದು ತಿಳಿದು ಎಂ.ಜಿ. ರಸ್ತೆಯ ಕಡೆ ಕೋಣೆ ಹಿಡಿಯುವವರೇ ಹೆಚ್ಚು. ಪೀಣ್ಯಕ್ಕೆ ಹೋಗಬೇಕಾದವರಿಗೆ ಯಶವಂತಪುರ, ರಾಜಾಜಿನಗರದ ಸುತ್ತ ಉಳಿಯುವುದು ಸರಿಯಾದ ಲೆಕ್ಕ. ವಿಮಾನ ನಿಲ್ದಾಣ ಊರಿನ ನಡುವಿನಿಂದ ಸುಮಾರು 35 ಕಿಲೋಮೀಟರ್ ದೂರ, ದಾರಿಯಲ್ಲಿ ಹೆಬ್ಬಾಳ. ಹಗಲಲ್ಲಿ ಹೆಬ್ಬಾಳ ಎಷ್ಟು ಹೊತ್ತು ನುಂಗುತ್ತದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹೇಗೂ ರಾತ್ರಿ ಎರಡಕ್ಕೆ ಖಾಲಿ ರಸ್ತೆಯಲ್ಲಿ ಹೆಬ್ಬಾಳ ದಾಟಬೇಕು. ಆಗಲೇ ಕೆಲಸದ ಜಾಗದ ಹತ್ತಿರಕ್ಕೆ ಹೋಗಿಬಿಟ್ಟರೆ ಬೆಳಿಗ್ಗೆ ಪೀಣ್ಯಕ್ಕೆ ಅರ್ಧ ಗಂಟೆ ಸಾಕು. ವಿಮಾನ ನಿಲ್ದಾಣದ ಪಕ್ಕದಲ್ಲೇ ಕೋಣೆ ಹಿಡಿದು ಅರ್ಧ ಗಂಟೆ ನಿದ್ದೆ ಉಳಿಸಿದವರು ಅದನ್ನು ಮರುದಿನ ಟ್ರಾಫಿಕ್ಕಿನಲ್ಲಿ ಬಡ್ಡಿ ಸಮೇತ ಕಟ್ಟುತ್ತಾರೆ.

ಮೊದಲ ದಿನ ಎಷ್ಟು ಗಂಟೆಗೆ ಶುರು ಮಾಡಬೇಕು? ಅದನ್ನು ತೀರ್ಮಾನಿಸುವುದು ಅವರು ಯಾವ ದಿಕ್ಕಿನಿಂದ ಬಂದರು ಎಂಬುದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹೋಟೆಲಿನಲ್ಲಿ ಮಲಗುವಾಗ ಅವರ ಲೆಕ್ಕಕ್ಕೆ ಬೆಳಗಿನ ಆರು ದಾಟಿರುತ್ತದೆ. ಒಂದು ರಾತ್ರಿ ನಿದ್ದೆ ಹೋದಂತೆಯೇ. ಆದ್ದರಿಂದ ಬೆಳಿಗ್ಗೆ 10.15ಕ್ಕಿಂತ ಮುಂಚೆ ಅವರನ್ನು ಹೊರಡಿಸಬಾರದು. ಹಾಗೆಯೇ ಸಂಜೆ ಎಂಟಕ್ಕೆ ಔತಣ ಇಟ್ಟರೆ ಅವರಿಗೆ ಅದು ರಾತ್ರಿ ಹನ್ನೊಂದೂವರೆ. ಊಟ 6.30ಕ್ಕೇ ಇರಲಿ, ಎಂಟೂವರೆಗೆ ಕೋಣೆ ಸೇರಿಸಿ. ಜರ್ಮನಿಯವರು ಬಂದರೆ ಲೆಕ್ಕ ತಿರುಗುಮುರುಗು. ನವೆಂಬರಿನಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ರಾತ್ರಿ ಎಂಟರ ಊಟ ಅವರಿಗೆ ಮಧ್ಯಾಹ್ನ ಮೂರೂವರೆಯದ್ದು, ಬೆಳಗಿನ ಒಂಬತ್ತರ ಸಭೆ ಮಾತ್ರ ನಸುಕಿನ ನಾಲ್ಕೂವರೆಯದ್ದು.

ಮಂಗಳವಾರದ ರೂಪ ಹೀಗಾಗುತ್ತದೆ. ಹತ್ತೂ ಮುಕ್ಕಾಲಿಗೆ ಪೀಣ್ಯ, ಹನ್ನೊಂದರಿಂದ ಒಂದು ಗಂಟೆ ಪರಿಚಯ, ಹನ್ನೆರಡೂವರೆಗೆ ಖಾರ ಕಡಿಮೆಯ ಊಟ, ಒಂದೂವರೆಯಿಂದ ಎರಡು ಗಂಟೆ ಶಾಪ್ ಫ್ಲೋರ್, ಮೂರೂ ಮುಕ್ಕಾಲರಿಂದ ಒಂದು ಗಂಟೆ ಪ್ರಶ್ನೋತ್ತರ. ಬುಧವಾರ ಎಂಟಕ್ಕೆ ಹೊರಟು, ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿದು ಬಿಡದಿ. ಒಂಬತ್ತೂವರೆಯಿಂದ ಹನ್ನೆರಡರವರೆಗೆ ಎರಡನೇ ಘಟಕ. ಅಲ್ಲೇ ಊಟ ಮಾಡಿ ಹಿಂದಿರುಗಿದರೆ ಹೋಟೆಲಿನ ಸಭಾಕೋಣೆಯಲ್ಲಿ ಎರಡೂವರೆಯಿಂದ ಐದರವರೆಗೆ ಸಮಾಪ್ತಿ ಸಭೆ. ಮಾತಿಗೆ ಮತ್ತು ನೋಡುವುದಕ್ಕೆ ಸಿಕ್ಕಿದ್ದನ್ನು ಕೂಡಿಸಿ: ಮೊದಲ ದಿನ ನಾಲ್ಕು ಗಂಟೆ, ಎರಡನೇ ದಿನ ಐದು. ಎರಡು ದಿನವೆಂದರೆ ಒಂಬತ್ತೇ ಗಂಟೆ.

ಅದೂ ಪೂರ್ತಿ ನಮ್ಮದಲ್ಲ. ನಡುವೆ ದುಭಾಷಿ ಇದ್ದಾರೆ. ನಾವು ಎರಡು ವಾಕ್ಯ ಹೇಳಿ ನಿಲ್ಲುತ್ತೇವೆ, ಅವರು ಜಪಾನಿ ಭಾಷೆಯಲ್ಲಿ ಹೇಳುತ್ತಾರೆ. ಉತ್ತರವೂ ಅದೇ ದಾರಿಯಲ್ಲಿ ಬರಬೇಕು. ಪ್ರತಿ ಮಾತೂ ಎರಡು ಸಲ ಆಡಿದಂತೆ. ಒಂಬತ್ತು ಗಂಟೆಯಲ್ಲಿ ಮಾತಿನ ತಿರುಳಿಗೆ ಉಳಿಯುವುದು ನಾಲ್ಕೂವರೆ ಗಂಟೆ. ಈ ಅಂಕಿಯನ್ನು ಕರೆದವರು ಕಣ್ಣ ಮುಂದೆ ಬರೆದಿಟ್ಟುಕೊಂಡರೆ, ಅರವತ್ತು ಸ್ಲೈಡಿನ ಕಂಪನಿ ಚರಿತ್ರೆ, ಸ್ಥಾಪಕರ ಮೇಲಿನ ಕಿರುಚಿತ್ರ, ‘ಹೇಗೂ ಬಂದಿದ್ದಾರೆ, ಇನ್ನೊಂದು ಕಾರ್ಖಾನೆಗೂ ಕರಕೊಂಡು ಹೋಗೋಣ’ ಎಂಬ ಆಸೆ, ಎಲ್ಲವೂ ತಾವಾಗಿ ಉದುರುತ್ತವೆ. ಪರಿಚಯದ ಒಂದು ಗಂಟೆಯಲ್ಲಿ ಅರ್ಧ ಗಂಟೆಯ ವಿಷಯವಷ್ಟೇ ಹಿಡಿಸುತ್ತದೆ, ಅಂದರೆ ಹತ್ತು ಹನ್ನೆರಡು ಸ್ಲೈಡು. ಸ್ಲೈಡುಗಳನ್ನೂ ಯಂತ್ರಗಳ ಹೆಸರು, ತಾಂತ್ರಿಕ ಪದಗಳ ಪಟ್ಟಿಯನ್ನೂ ದುಭಾಷಿಗೆ ಕನಿಷ್ಠ ಒಂದು ವಾರ ಮುಂಚೆ ಕೊಡಬೇಕು. ದಿನವಿಡೀ ಒಬ್ಬರೇ ದುಭಾಷಿಯಾದರೆ ಮಧ್ಯಾಹ್ನದ ಹೊತ್ತಿಗೆ ದಣಿಯುತ್ತಾರೆ. ದಣಿದಿದ್ದು ಗೊತ್ತಾಗುವುದು ಹೀಗೆ: ಅತಿಥಿ ಎರಡು ನಿಮಿಷ ಮಾತಾಡಿದ್ದಕ್ಕೆ ನಮ್ಮ ಕಿವಿಗೆ ಒಂದೇ ವಾಕ್ಯ ಬರತೊಡಗುತ್ತದೆ. ಪ್ರಶ್ನೋತ್ತರ ಬರುವುದು ಸರಿಯಾಗಿ ಆ ಹೊತ್ತಿಗೇ. ಇಬ್ಬರಿದ್ದರೆ ಒಳ್ಳೆಯದು, ಇಲ್ಲವಾದರೆ ಊಟದ ಹೊತ್ತಿನಲ್ಲಾದರೂ ಅವರನ್ನು ಮಾತಿಗೆಳೆಯದೆ ಊಟ ಮಾಡಲು ಬಿಡಬೇಕು. ಪ್ರೆಸ್ ಯಂತ್ರಗಳ ಸದ್ದಿನಲ್ಲಿ ಯಾರ ದನಿಯೂ ಆರು ಜನಕ್ಕೆ ಕೇಳುವುದಿಲ್ಲ. ಕಿವಿಗೆ ಹಾಕುವ ರಿಸೀವರ್, ಚಿಕ್ಕ ಮೈಕು ಬಾಡಿಗೆಗೆ ಸಿಗುತ್ತವೆ. ಅವಿಲ್ಲದಿದ್ದರೆ ಆ ಎರಡು ಗಂಟೆ ಬರೀ ತಲೆಯಾಡಿಸುವುದರಲ್ಲಿ ಹೋಗುತ್ತದೆ.

ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸುವುದು ಜಪಾನಿ ತಂಡಗಳ ಅಭ್ಯಾಸ. ಉತ್ತರವನ್ನೂ ಬರೆದು ಮುಂಚೆಯೇ ಕಳಿಸಿಬಿಟ್ಟರೆ ಆ ನಾಲ್ಕೂವರೆ ಗಂಟೆ ಹಿಗ್ಗುತ್ತದೆ. ಸಭೆಯಲ್ಲಿ ಬಾಗಿಲಿಗೆ ಅತಿ ದೂರದ ಕುರ್ಚಿ ಅವರ ಮುಖ್ಯಸ್ಥರಿಗೆ, ಎದುರಿಗೆ ನಮ್ಮ ಮುಖ್ಯಸ್ಥರು. ವಿಸಿಟಿಂಗ್ ಕಾರ್ಡು ಎರಡು ಕೈಯಲ್ಲಿ ಕೊಟ್ಟು, ತೆಗೆದುಕೊಂಡದ್ದನ್ನು ಓದಿ ಮೇಜಿನ ಮೇಲಿಡಬೇಕು, ಜೇಬಿಗೆ ತುರುಕಬಾರದು. ಉಡುಗೊರೆಗೆ ಬಿಡದಿಯಾಚೆಯ ಚನ್ನಪಟ್ಟಣದ ಬೊಂಬೆ ಹಗುರ, ಒಡೆಯುವುದಿಲ್ಲ. ನಾಲ್ಕರ ಜೋಡಣೆ ಮಾತ್ರ ಬೇಡ, ಅವರಲ್ಲಿ ನಾಲ್ಕು ಅಶುಭ.

ವಿಮಾನ ಮೂರು ಗಂಟೆ ತಡವಾದರೆ? ಆ ರಾತ್ರಿ ನಾಲ್ಕು ಜನ ಫೋನಿನಲ್ಲಿ ಚರ್ಚಿಸುವ ವಿಷಯವಲ್ಲ ಅದು. ಯಾವುದು ಬಿದ್ದುಹೋಗಬಹುದು ಎಂಬುದನ್ನು ವೇಳಾಪಟ್ಟಿ ಬರೆಯುವ ದಿನವೇ ಗುರುತಿಸಿಡಬೇಕು. ಇಲ್ಲಿ ಪರಿಚಯದ ಗಂಟೆ ಬೀಳಬಹುದು, ಏಕೆಂದರೆ ಅದನ್ನು ಬರಹದಲ್ಲಿ ಕೊಡಬಹುದು. ಮಂಗಳವಾರದ ಪ್ರಶ್ನೋತ್ತರ ಬುಧವಾರದ ಸಭೆಗೆ ಸೇರಬಹುದು. ಶಾಪ್ ಫ್ಲೋರ್ ಬೀಳುವಂತಿಲ್ಲ, ಅವರು ಬಂದದ್ದೇ ಅದಕ್ಕೆ. ಬಂದ್, ಮೆರವಣಿಗೆ, ಹಬ್ಬಗಳನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾವನ್ನು ಮಾತ್ರ ಹೊರಗಿನವರು ಮರೆಯುತ್ತಾರೆ. ಆ ದಿನಗಳಲ್ಲಿ ವಿಮಾನಗಳ ವೇಳೆಯೂ ಬದಲಾಗುತ್ತದೆ, ಬಳ್ಳಾರಿ ರಸ್ತೆಯೂ ತುಂಬುತ್ತದೆ. ಜಪಾನಿನ ಕಡೆಯಿಂದ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆಗಳು, ಆಗಸ್ಟ್ ನಡುವಿನ ಓಬೋನ್ ಹಬ್ಬ ತಪ್ಪಿಸಬೇಕು.

ಎರಡು ಪ್ರತಿ ವೇಳಾಪಟ್ಟಿ ಮಾಡುವುದು ಒಳ್ಳೆಯ ಪದ್ಧತಿ. ಅತಿಥಿಗಳಿಗೆ ಒಂದೇ ಪುಟ: ಎಷ್ಟು ಹೊತ್ತಿಗೆ ಎಲ್ಲಿ, ಯಾರ ಜೊತೆ, ಯಾವ ಉಡುಪು, ಒಂದು ತುರ್ತು ನಂಬರು. ನಮ್ಮವರಿಗೆ ಇನ್ನೊಂದು: ಚಾಲಕರ ನಂಬರು, ಗಾಡಿಯ ನಂಬರು, ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು. ‘ಅಡ್ಮಿನ್ ವಿಭಾಗ’ ಎಂದು ಬರೆದ ಸಾಲಿನ ಕೆಲಸ ಯಾರೂ ಮಾಡುವುದಿಲ್ಲ.

ಬುಧವಾರ ಸಂಜೆ ಐದಕ್ಕೆ ಸಭೆ ಮುಗಿಯುತ್ತದೆ, ವಿಮಾನ ಇರುವುದು ಗುರುವಾರ 1.50ಕ್ಕೆ. ಕೋಣೆ ಮಾತ್ರ ಮಧ್ಯಾಹ್ನವೇ ಖಾಲಿ ಮಾಡಿ ಆಗಿರುತ್ತದೆ. ಬೆಳಿಗ್ಗೆಯಿಂದ ಕಾರ್ಖಾನೆ ಸುತ್ತಿ ಬೆವರಿದ ಬಟ್ಟೆಯಲ್ಲೇ ರಾತ್ರಿಯಿಡೀ ವಿಮಾನದಲ್ಲಿ ಕೂರಿಸುವುದು ಅನ್ಯಾಯ. ಮೂರು ಕೋಣೆಗಳನ್ನಾದರೂ ರಾತ್ರಿವರೆಗೆ ಉಳಿಸಿಕೊಂಡರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಪೆಟ್ಟಿಗೆ ಕಟ್ಟಲು ಅನುಕೂಲ. ಏಳಕ್ಕೆ ಲಘುವಾದ ಊಟ, ಒಂಬತ್ತೂಕಾಲಿಗೆ ಹೊರಟು ಹತ್ತೂ ಮುಕ್ಕಾಲಿಗೆ ನಿಲ್ದಾಣ. ಆ ಹೊತ್ತಿಗೆ ಹೆಬ್ಬಾಳ ಇನ್ನೂ ಪೂರ್ತಿ ಸಡಿಲವಾಗಿರುವುದಿಲ್ಲವಾದ್ದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು.

ಸಮಾಪ್ತಿ ಸಭೆಯ ಕೊನೆಯ ಅರ್ಧ ಗಂಟೆಯನ್ನು ಬರವಣಿಗೆಗೆಂದೇ ಬಿಟ್ಟಿರಬೇಕು. ಏನು ಒಪ್ಪಿದೆವು, ಏನು ಉಳಿಯಿತು, ಯಾರು ಯಾವ ತಾರೀಕಿನೊಳಗೆ ಏನು ಕಳಿಸುತ್ತಾರೆ ಎಂಬ ಒಂದೆರಡು ಪುಟ. ದುಭಾಷಿ ಓದಿ ಹೇಳಿ, ಎರಡೂ ಕಡೆಯವರು ಅಲ್ಲೇ ಸಹಿ ಹಾಕಿ, ಒಂದು ಪ್ರತಿ ಅವರ ಚೀಲಕ್ಕೆ ಹೋಗಬೇಕು. ‘ಆಮೇಲೆ ಮೇಲ್ ಮಾಡುತ್ತೇವೆ’ ಎಂದು ಬಿಟ್ಟರೆ ಇಬ್ಬರ ನೆನಪೂ ಬೇರೆ ಬೇರೆ ದಾರಿ ಹಿಡಿಯುತ್ತದೆ, ಅದರಲ್ಲೂ ಎರಡು ಭಾಷೆಗಳ ನಡುವೆ.

ಟರ್ಮಿನಲ್ಲಿನ ಬಾಗಿಲಲ್ಲಿ ಟಿಕೆಟು, ಪಾಸ್‌ಪೋರ್ಟು ತೋರಿಸಿ ಅವರು ಒಳಗೆ ಹೋದ ಮೇಲೆ ನಮಗೆ ಪ್ರವೇಶವಿಲ್ಲ. ಆದರೂ ಒಂದು ಗಾಡಿ ಪಾರ್ಕಿಂಗಿನಲ್ಲಿ ಕಾಯಬೇಕು. ಸಾಮಾನಿನ ತೂಕ ಹೆಚ್ಚಾಗಿ ಸ್ಯಾಂಪಲ್ ಪೆಟ್ಟಿಗೆಯೊಂದು ಹೊರಗೆ ವಾಪಸ್ ಬರಬಹುದು, ವಿಮಾನವೇ ರದ್ದಾಗಿ ಆರು ಜನಕ್ಕೆ ಮತ್ತೆ ಕೋಣೆ ಬೇಕಾಗಬಹುದು. ಬೋರ್ಡಿಂಗ್ ಪಾಸ್ ಕೈಗೆ ಬಂತು, ಪೆಟ್ಟಿಗೆಗಳು ಹೋದವು ಎಂಬ ಸಂದೇಶ ಬಂದ ಮೇಲಷ್ಟೇ ಚಾಲಕನ ಟ್ರಿಪ್ ಶೀಟಿಗೆ ಸಹಿ ಹಾಕಿ ಕಳಿಸಬೇಕು. ಅದರ ಮೇಲೆ ಬರೆಯುವ ತಾರೀಕನ್ನು ಇನ್ನೊಮ್ಮೆ ನೋಡಿಕೊಳ್ಳಿ, ಹನ್ನೆರಡು ದಾಟಿದ್ದರೆ ಬಿಲ್ಲಿನಲ್ಲಿ ಇನ್ನೊಂದು ದಿನದ ಬಾಡಿಗೆ ಬಂದಿರುತ್ತದೆ.